ಬಿಲ್ಲಿನಲ್ಲಿ 'ತೇಗದ ಮಂಚ' ಎಂದಿದ್ದರೆ ಸಾಲದು, ಅಡಿಭಾಗ ನೋಡಿ

ಮಂಗಳೂರಿನ ಒಂದು ಮನೆಯವರು ತೇಗ ಎಂದು ನಂಬಿ ಕೊಂಡ ಮಂಚಕ್ಕೆ ಎರಡನೇ ಮಳೆಗಾಲದಲ್ಲೇ ಗೆದ್ದಲು ಹತ್ತಿತು. ಹಾಸಿಗೆ ಎತ್ತಿ ನೋಡಿದರೆ ಗೋಡೆ ಕಡೆಯ ಕಾಲಿನ ಮೇಲೆ ಮಣ್ಣಿನ ಗೆರೆ, ಅಡಿಯ ಹಲಗೆ ಉಬ್ಬಿ ಪುಡಿಪುಡಿ. "ತೇಗಕ್ಕೂ ಗೆದ್ದಲು ಬರುತ್ತೆ ಸಾರ್, ನಿಮ್ಮ ಮನೇಲಿ ತೇವ ಜಾಸ್ತಿ" ಎಂದರು ಅಂಗಡಿಯವರು.

ಆ ಮಾತು ಅರ್ಧ ನಿಜ. ಗೆದ್ದಲನ್ನು ತಡೆಯುವುದು ತೇಗದ ಒಳಗಿನ ಕಂದು ಚೇಗು. ಅದರ ಸುತ್ತ ಇರುವ ಬಿಳಿ ಭಾಗಕ್ಕೆ ಆ ಶಕ್ತಿಯಿಲ್ಲ. ಎಳೆಯ ಮರದಲ್ಲಿ ಬಿಳಿ ಭಾಗವೇ ಹೆಚ್ಚು, ಅದನ್ನು ಬಣ್ಣ ಬೆರೆಸಿದ ಪಾಲಿಶ್‌ನಿಂದ ಮುಚ್ಚುವುದು ಸುಲಭ. ಈ ಮಂಚದ ಅಕ್ಕಪಕ್ಕದ ಪಟ್ಟಿಗಳು ತೇಗವೇ, ಆದರೆ ಅರ್ಧಕ್ಕರ್ಧ ಬಿಳಿ. ಕಾಲುಗಳು ರಬ್ಬರ್ ಮರ, ಅಡಿಯ ಹಲಗೆ ಮರದ ಚೂರುಗಳನ್ನು ಅಂಟು ಸೇರಿಸಿ ಒತ್ತಿದ ಪಾರ್ಟಿಕಲ್ ಬೋರ್ಡ್.

ರಬ್ಬರ್ ಮರ ಕೆಟ್ಟದ್ದಲ್ಲ. ಬೋರಾನ್ ಔಷಧಿಯನ್ನು ಒತ್ತಡದಲ್ಲಿ ಒಳಗೆ ಹಿಡಿಸಿ, ಚೆನ್ನಾಗಿ ಒಣಗಿಸಿದ್ದು ಒಣಗಿದ ಕೋಣೆಯಲ್ಲಿ ಬಾಳುತ್ತದೆ. ಆದರೆ ಬೋರಾನ್ ನೀರಿನಲ್ಲಿ ಕರಗುತ್ತದೆ. ಪಾಲಿಶ್ ಕಾಣದ ಕಾಲಿನ ತುದಿ ದಿನವೂ ನೆಲ ಒರೆಸುವ ನೀರು ಹೀರಿದರೆ ಔಷಧಿ ಅಲ್ಲೇ ಮೊದಲು ಕಡಿಮೆಯಾಗುತ್ತದೆ, ಗೆದ್ದಲು ಹತ್ತುವುದೂ ಅಲ್ಲಿಂದಲೇ. ಪಾರ್ಟಿಕಲ್ ಬೋರ್ಡ್ ಮತ್ತು ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಅಂಚಿನಿಂದ ನೀರು ಕುಡಿದು ಉಬ್ಬುತ್ತವೆ, ಒಮ್ಮೆ ಉಬ್ಬಿದರೆ ಸ್ಕ್ರೂ ಮತ್ತೆ ಹಿಡಿಯುವುದಿಲ್ಲ. ಮಂಚದ ಅಡಿಗೆ ಹಲಗೆಯೇ ಬೇಕೆಂದರೆ ಐಎಸ್ 710 ಮುದ್ರೆಯ ಮರೈನ್ ಪ್ಲೈ ಕೇಳಿ, ಮುದ್ರೆ ಹಲಗೆಯ ಮೇಲೇ ಇದೆಯೇ ನೋಡಿ.

ಪರೀಕ್ಷೆ ಅಂಗಡಿಯಲ್ಲೇ ಆಗಬೇಕು. ಮಂಚವನ್ನು ಓರೆ ಮಾಡಿಸಿ ಕಾಲಿನ ತಳ ನೋಡಿ. ಪಾಲಿಶ್ ಇಲ್ಲದ ಆ ಜಾಗದಲ್ಲಿ ಮರದ ನಿಜವಾದ ಬಣ್ಣ ಕಾಣುತ್ತದೆ. ಚೇಗು ಹೊಂಬಣ್ಣದ ಕಂದು, ಮುಟ್ಟಿದರೆ ಸ್ವಲ್ಪ ಎಣ್ಣೆಯ ಜಿಡ್ಡು. ರಬ್ಬರ್ ಮರ ಹಾಲುಬಿಳಿ, ನಸು ಹಳದಿ. ತಲೆಹಲಗೆಯ ಮೇಲಿನ ಗೆರೆಗಳು ಅಂಚಿನಲ್ಲೂ ಮುಂದುವರಿಯಬೇಕು, ಅಲ್ಲೇ ಕತ್ತರಿಸಿದಂತೆ ನಿಂತರೆ ಅದು ಮೇಲೆ ಅಂಟಿಸಿದ ತೆಳು ಮರದ ಹಾಳೆ, ಅಂದರೆ ವಿನೀರ್. ಹೇಳಿ ಮಾಡಿಸುವುದಾದರೆ ಪಾಲಿಶ್‌ಗೆ ಮೊದಲು ಹೋಗಿ ನೋಡಿ, ಕೊನೆಯ ಕಂತು ಅದಾದ ಮೇಲೆ ಕೊಡಿ. ಕಾಲು, ಪಟ್ಟಿ, ಹಲಗೆ ಯಾವ ಯಾವ ಮರವೆಂದು ಬಿಲ್ಲಿನಲ್ಲಿ ಬೇರೆ ಬೇರೆ ಬರೆಸಿ.

ಪಿಯು, ಮೆಲಮೈನ್ ಪಾಲಿಶ್‌ಗಳು ನೀರು, ಕಲೆ ತಡೆಯುತ್ತವೆ, ಗೆದ್ದಲನ್ನಲ್ಲ. ಪಾಲಿಶ್ ಆದ ಮೇಲೆ ಗೆದ್ದಲು ಔಷಧಿ ಬಳಿಯುತ್ತೇವೆಂದರೆ ಹಣ ಕೊಡಬೇಡಿ, ಅದು ಒಳಗಿಳಿಯುವುದಿಲ್ಲ. ಕಾಲಿನ ತಳಕ್ಕೂ ಎರಡು ಕೋಟ್ ಪಾಲಿಶ್ ಹಾಕಿಸಿ ರಬ್ಬರ್ ಬುಷ್ ತೊಡಿಸಿ, ಮಂಚವನ್ನು ಗೋಡೆಯಿಂದ ಮೂರು ಇಂಚು ದೂರ ಇಡಿ.

ಈಗಾಗಲೇ ಹತ್ತಿದ್ದರೆ ಏನು ಹತ್ತಿದೆ ಎಂದು ಮೊದಲು ಗುರುತಿಸಿ. ಮಣ್ಣಿನ ಗೆರೆಯಿದ್ದರೆ ಗೆದ್ದಲು, ಅದರ ಮೂಲ ಗೋಡೆ ಅಥವಾ ನೆಲದಲ್ಲಿರುತ್ತದೆ, ಔಷಧಿ ಅಲ್ಲಿಗೇ ಹೋಗಬೇಕು. ಗುಂಡುಸೂಜಿ ತಲೆಯಷ್ಟು ದುಂಡು ತೂತು, ಕೆಳಗೆ ನುಣ್ಣನೆಯ ಹಿಟ್ಟು ಕಂಡರೆ ಅದು ಮರ ಕೊರೆಯುವ ಹುಳ. ಅದು ಹೆಚ್ಚಾಗಿ ಮರದೊಳಗೇ ಇದ್ದು ಅಂಗಡಿಯಿಂದ ಜೊತೆಗೆ ಬಂದಿರುತ್ತದೆ. ಹಾಗಿದ್ದರೆ ಫೋಟೊ ತೆಗೆದು, ಬಿಲ್ ಸಮೇತ ಅಂಗಡಿಗೆ ಕೂಡಲೇ ಬರೆದು ಕಳುಹಿಸಿ.