ಕಚೇರಿ ಬಾಡಿಗೆಯ ಹಂಚಿಕೆ: ಬಜೆಟ್ ಅನುಪಾತವೋ, ತಲೆಎಣಿಕೆಯೋ?

ತಿಂಗಳಿಗೆ 30,000 ರೂಪಾಯಿ ಬಾಡಿಗೆಯ ಒಂದೇ ಕಚೇರಿಯಿಂದ ಸಂಸ್ಥೆಯೊಂದು ಆರೋಗ್ಯ ಮತ್ತು ಶಿಕ್ಷಣದ ಎರಡು ಅನುದಾನಿತ ಯೋಜನೆಗಳನ್ನು ನಡೆಸುತ್ತಿದೆ ಎಂದಿಟ್ಟುಕೊಳ್ಳೋಣ. ಬಜೆಟ್ ಅನುಪಾತ 70:30 ಆಗಿದ್ದರೆ ಆರೋಗ್ಯ ಯೋಜನೆಯ ಪಾಲಿಗೆ 21,000 ರೂಪಾಯಿ ಬರುತ್ತದೆ. ಲೆಕ್ಕ ಸುಲಭವೇ, ಆದರೆ ಆ ಬಜೆಟ್ಟಿನ ಬಹುಪಾಲು ಔಷಧಿ ಖರೀದಿಗೆ ಹೋಗುವುದಾದರೆ ಕಚೇರಿಯ ಬಳಕೆಗೂ ಈ ಮೊತ್ತಕ್ಕೂ ಸಂಬಂಧವಿರುವುದಿಲ್ಲ. ಅಲ್ಲಿ ಕೂರುವ ಆರು ಮಂದಿಯಲ್ಲಿ ನಾಲ್ವರು ಶಿಕ್ಷಣ ಯೋಜನೆಯವರಾಗಿದ್ದರೆ, ತಲೆಎಣಿಕೆಯಂತೆ ಆರೋಗ್ಯಕ್ಕೆ 10,000 ಮಾತ್ರ. ಬಾಡಿಗೆಗೂ ವಿದ್ಯುತ್ತಿಗೂ ನಾನು ಇದನ್ನೇ ಆರಿಸುತ್ತೇನೆ. ಎರಡೂ ಕಡೆ ದುಡಿಯುವ ಲೆಕ್ಕಿಗರ ಸಂಬಳವನ್ನು ಮಾತ್ರ, ಅವರು ಸಹಿ ಮಾಡಿದ ತಿಂಗಳ ಸಮಯಪಟ್ಟಿಯ ಆಧಾರದ ಮೇಲೆ ಹಂಚಬೇಕು. ಯಾವುದೇ ವಿಧಾನವಿರಲಿ, ವರ್ಷಾರಂಭದಲ್ಲೇ ಆಡಳಿತ ಮಂಡಳಿ ಅದನ್ನು ಲಿಖಿತವಾಗಿ ಅಂಗೀಕರಿಸಿ, ಪ್ರತಿ ವೋಚರಿಗೂ ಹಂಚಿಕೆಯ ಹಾಳೆ ಲಗತ್ತಿಸಬೇಕು. ಮಾರ್ಚಿನಲ್ಲಿ ಉಳಿದ ಅನುದಾನಕ್ಕೆ ತಕ್ಕಂತೆ ಅನುಪಾತ ಬದಲಾಗಿದ್ದರೆ ಲೆಕ್ಕಪರಿಶೋಧಕರು ಆ ಖರ್ಚನ್ನು ಒಪ್ಪುವುದು ಕಷ್ಟ.