ಹಸಿರು ಗುರುತಿನ ಚಿತ್ರ ಕಳಿಸಿ ನಾನೇ ನನ್ನ ದೂರನ್ನು ಕೆಡಿಸಿಕೊಂಡೆ

ಹತ್ತನೆಯ ತರಗತಿಯ ಮಕ್ಕಳಿಗೆ ಪ್ರತಿ ವರ್ಷ ವ್ಯವಹಾರ ಪತ್ರ ಬರೆಯುವುದನ್ನು ಕಲಿಸುವವನು ನಾನು. ಇಂದ, ಗೆ, ದಿನಾಂಕ, ವಿಷಯ, ಉಲ್ಲೇಖ ಎಂದು ಕಪ್ಪು ಹಲಗೆಯ ಮೇಲೆ ಬರೆದು, ಉಲ್ಲೇಖ ಬಿಟ್ಟವರ ಅಂಕ ಕಳೆಯುವವನು. ಅಂಥ ನಾನೇ ಹಣ ಪಾವತಿಯ ಆ್ಯಪೊಂದರ ಗ್ರಾಹಕ ಸೇವೆಗೆ ಬರೆದ ಮೊದಲ ಮಿಂಚಂಚೆಯಲ್ಲಿ ಸರಿಯಾದ ಉಲ್ಲೇಖ ಸಂಖ್ಯೆಯನ್ನೇ ಹಾಕಿರಲಿಲ್ಲ ಎಂಬುದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತಿದ್ದೇನೆ, ಏಕೆಂದರೆ ಆ ತಪ್ಪನ್ನು ಹಿಡಿದುಕೊಂಡೇ ಅವರು ಒಂದು ವಾರ ನನ್ನನ್ನು ಆಟವಾಡಿಸಿದರು.

ನಮ್ಮದು ಶ್ರೀನಿವಾಸಪುರ ತಾಲ್ಲೂಕು. ಎರಡು ಎಕರೆಗೆ ಮಲ್ಚಿಂಗ್ ಪೇಪರ್ ಹಾಸಿ, ಡ್ರಿಪ್ ಎಳೆದು, ಟೊಮೆಟೊ ನಾಟಿಗೆ ಸಿದ್ಧ ಮಾಡಿದ್ದೆವು. ನರ್ಸರಿಯಲ್ಲಿ ಹನ್ನೆರಡು ಸಾವಿರ ನಾರಿಗೆ, ಅಂದರೆ ಸಸಿಗಳಿಗೆ, ಮೊದಲೇ ಹೇಳಿ, ಮುಂಗಡ ಕೊಟ್ಟು, ಉಳಿದ 10,200 ರೂಪಾಯಿಯನ್ನು ಟ್ರೇಗಳನ್ನು ಗಾಡಿಗೆ ತುಂಬುವ ಮೊದಲು ಕೊಡುವುದೆಂದು ಮಾತಾಗಿತ್ತು. ಶನಿವಾರ ಸಂಜೆ ನರ್ಸರಿಯಲ್ಲೇ ನಿಂತು ಮಾಲೀಕರ ಮೊಬೈಲ್ ಸಂಖ್ಯೆಗೆ ಹಣ ಹಾಕಿದೆ. ನನ್ನ ಬ್ಯಾಂಕಿನಿಂದ ಹಣ ಕಡಿತವಾದ ಸಂದೇಶ ಅರೆನಿಮಿಷದಲ್ಲಿ ಬಂತು. ಆ್ಯಪಿನಲ್ಲಿ ಮಾತ್ರ ಹಳದಿ ಗುರುತು ತಿರುಗುತ್ತಲೇ ಇತ್ತು. ಇಪ್ಪತ್ತು ನಿಮಿಷ ಕಾದೆವು. "ನಂಗೆ ಬಂದಿಲ್ಲ ಮೇಷ್ಟ್ರೇ, ನಾಳೆ ನೋಡೋಣ ಬಿಡಿ" ಎಂದರು.

ಮರುದಿನ ಬೆಳಿಗ್ಗೆ ಆ್ಯಪು ತೆರೆದರೆ ಹಳದಿ ಹೋಗಿ ಹಸಿರು ಬಂದಿದೆ! ಪಾವತಿ ಯಶಸ್ವಿ! ಮಾಲೀಕರಿಗೆ ಫೋನು ಮಾಡಿದೆ. ಅವರು ಮತ್ತೆ "ಬಂದಿಲ್ಲ" ಎಂದಾಗ ನಾನು ಆಡಿದ ಮಾತನ್ನು ಇಲ್ಲಿ ಬರೆಯಲಾರೆ. ನನ್ನ ಮೊಬೈಲಿನಲ್ಲಿ ಹಸಿರು ತೋರಿಸುತ್ತಿದೆ, ನೀವು ಸುಳ್ಳು ಹೇಳುತ್ತಿದ್ದೀರಿ ಎಂಬರ್ಥದಲ್ಲಿ ಮಾತಾಡಿದೆ. ಇಪ್ಪತ್ತೈದು ದಿನದ ನಾರನ್ನು ಹೆಚ್ಚು ದಿನ ಟ್ರೇಯಲ್ಲೇ ಬಿಟ್ಟರೆ ಬಲಿತು ಕೆಡುತ್ತದೆ ಎಂಬ ಆತಂಕವೂ ಇತ್ತು. ಕೊನೆಗೆ ಸೋಮವಾರ ಸಹೋದ್ಯೋಗಿಯೊಬ್ಬರಿಂದ ಸಾಲ ತಂದು ನಗದು ಕೊಟ್ಟು ನಾರು ತಂದೆ. ಮನಸ್ಸಿನಲ್ಲಿ ಮಾತ್ರ ಆ ಮನುಷ್ಯ ಎರಡು ಸಲ ಹಣ ತೆಗೆದುಕೊಂಡನೆಂದೇ ಇತ್ತು.

ಈ ಹಸಿರಿನ ಮರ್ಮ ನನಗೆ ತಿಳಿದದ್ದು ಬಹಳ ತಡವಾಗಿ. ಯುಪಿಐ ವ್ಯವಹಾರದಲ್ಲಿ ಮೊದಲು ಕೊಡುವವನ ಬ್ಯಾಂಕು ಹಣ ಕಡಿತ ಮಾಡುತ್ತದೆ, ಆಮೇಲೆ ಪಡೆಯುವವನ ಬ್ಯಾಂಕಿಗೆ ಜಮಾ ಮಾಡುವಂತೆ ಸೂಚನೆ ಹೋಗುತ್ತದೆ. ಆ ಎರಡನೆಯ ಬ್ಯಾಂಕು ನಿಗದಿತ ಸಮಯದೊಳಗೆ ಹೌದು ಎಂದೂ ಹೇಳದೆ, ಇಲ್ಲ ಎಂದೂ ಹೇಳದೆ ಸುಮ್ಮನಿದ್ದರೆ, ಆ ವ್ಯವಹಾರವನ್ನು ಆದದ್ದೆಂದು ಭಾವಿಸಿ ಮುಂದಕ್ಕೆ ಬಿಡುವ ಕ್ರಮವಿದೆ. ಆಮೇಲೆ ಪಡೆಯುವವನ ಬ್ಯಾಂಕು ಲೆಕ್ಕ ತಾಳೆ ನೋಡಿ, ಹಣವನ್ನು ಜಮಾ ಮಾಡಿದ್ದೇನೆಂದು ಖಚಿತಪಡಿಸಬೇಕು, ಇಲ್ಲವೇ ವಾಪಸು ಕಳಿಸಬೇಕು. ನನ್ನ ಹಣ ಹೀಗೆ ನಡುವೆ ನಿಂತಿತ್ತು. ಆ್ಯಪು ಅದನ್ನೇ ಯಶಸ್ವಿ ಎಂದು ತೋರಿಸಿತ್ತು. ಅಂದರೆ ನನ್ನ ಮೊಬೈಲಿನ ಹಸಿರು ಗುರುತು ಮಾಲೀಕರ ಖಾತೆಯ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ.

ಇನ್ನು ಮಿಂಚಂಚೆಯ ಕಥೆ. ಭಾನುವಾರ ಮಧ್ಯಾಹ್ನ ಸಿಟ್ಟಿನಲ್ಲೇ ಒಂದು ಪುಟ ಬರೆದೆ. ರೈತರ ಕಷ್ಟ, ನಾಟಿಯ ತುರ್ತು, ನನ್ನ ಮಾನ, ಎಲ್ಲವೂ ಅದರಲ್ಲಿತ್ತು. ವಿಷಯ ಎಂಬ ಜಾಗದಲ್ಲಿ "ತುರ್ತು" ಎಂದಷ್ಟೇ ಹಾಕಿದ್ದೆ. ಸೋಮವಾರ ಉತ್ತರ ಬಂತು: "ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ದಯವಿಟ್ಟು ಐದು ಕೆಲಸದ ದಿನಗಳವರೆಗೆ ಕಾಯಿರಿ." ಕಾದೆ. ಕಾಯಬಾರದಿತ್ತು. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಯುಪಿಐ ಮೂಲಕ ಹಾಕಿದ ಹಣ ಕಡಿತವಾಗಿ ಜಮಾ ಆಗದಿದ್ದರೆ, ವ್ಯವಹಾರ ನಡೆದ ಮರುದಿನದೊಳಗೆ ಅದು ತಾನಾಗಿ ವಾಪಸು ಬರಬೇಕು. ಐದು ದಿನದ ಗಡುವು ಇರುವುದು ಅಂಗಡಿಯವರಿಗೆ ವರ್ತಕರ ಖಾತೆಯ ಮೂಲಕ ಮಾಡಿದ ಪಾವತಿಗೆ. ನಾನು ಮೊಬೈಲ್ ಸಂಖ್ಯೆಗೆ, ಅಂದರೆ ವ್ಯಕ್ತಿಯ ಖಾತೆಗೆ ಹಾಕಿದ್ದೆ. ಅದೂ ಅಲ್ಲದೆ ಆ ಸುತ್ತೋಲೆ ಎಣಿಸುವುದು ಕ್ಯಾಲೆಂಡರಿನ ದಿನವನ್ನು. ಕೆಲಸದ ದಿನ ಎಂಬ ಮಾತೇ ಅಲ್ಲಿಲ್ಲ. ಶನಿವಾರದ ಹಣಕ್ಕೆ ಭಾನುವಾರವೇ ಗಡುವು, ರಜೆ ಇರಲಿ ಬಿಡಲಿ.

ಗುರುವಾರ ಎರಡನೆಯ ಉತ್ತರ ಬಂತು. ವ್ಯವಹಾರದ ಸಂಖ್ಯೆ ಮತ್ತು ಪರದೆಯ ಚಿತ್ರ ಕಳಿಸಿ ಎಂದು ಕೇಳಿದರು. ಇಲ್ಲಿಯೇ ನಾನು ಎಡವಿದ್ದು. ಆ್ಯಪಿನಲ್ಲಿ ಮೇಲ್ಗಡೆಯೇ ಎದ್ದು ಕಾಣುವ, ಅಕ್ಷರದಿಂದ ಆರಂಭವಾಗುವ ಉದ್ದನೆಯ ಸಂಖ್ಯೆಯನ್ನು ನಕಲು ಮಾಡಿ ಕಳಿಸಿದೆ. ಅದು ಆ ಆ್ಯಪಿನವರ ಒಳಗಿನ ಸಂಖ್ಯೆ. ಬ್ಯಾಂಕುಗಳು ಹುಡುಕುವುದು ಹನ್ನೆರಡು ಅಂಕಿಗಳ ಯುಟಿಆರ್ ಸಂಖ್ಯೆಯಿಂದ. ಅದು ವಿವರಗಳ ಕೆಳಭಾಗದಲ್ಲಿ ಸಣ್ಣ ಅಕ್ಷರದಲ್ಲಿತ್ತು, ಮತ್ತು ನನ್ನ ಬ್ಯಾಂಕಿನ ಖಾತೆ ವಿವರದಲ್ಲಿ ಯುಪಿಐ ಎಂದು ಆರಂಭವಾಗುವ ಸಾಲಿನ ಒಳಗೂ ಇತ್ತು. ಚಿತ್ರದ ವಿಷಯದಲ್ಲಿ ಇನ್ನೂ ದೊಡ್ಡ ಪೆದ್ದತನ. ಶನಿವಾರ ಸಂಜೆ ತೆಗೆದುಕೊಂಡಿದ್ದ ಹಳದಿ ಗುರುತಿನ ಚಿತ್ರ ನನ್ನಲ್ಲಿತ್ತು. ಹಣ ಹೋಗಿದೆ ಎಂಬುದಕ್ಕೆ ಗಟ್ಟಿ ಸಾಕ್ಷಿ ಬೇಕೆಂದು ಅದನ್ನು ಬಿಟ್ಟು ಹಸಿರಿನದನ್ನೇ ಕಳಿಸಿದೆ!

ಶನಿವಾರ ಬಂದ ಉತ್ತರವನ್ನು ಇನ್ನೂ ಮರೆತಿಲ್ಲ. "ನೀವೇ ಲಗತ್ತಿಸಿರುವ ಚಿತ್ರದ ಪ್ರಕಾರ ನಿಮ್ಮ ಪಾವತಿ ಯಶಸ್ವಿಯಾಗಿದೆ. ದಯವಿಟ್ಟು ಹಣ ಪಡೆದವರನ್ನು ಸಂಪರ್ಕಿಸಿ. ನಿಮ್ಮ ದೂರನ್ನು ಪರಿಹರಿಸಲಾಗಿದೆ." ನೀವೇ ಲಗತ್ತಿಸಿರುವ! ನನ್ನ ಚಿತ್ರವನ್ನೇ ನನ್ನ ಮುಖಕ್ಕೆ ಹಿಡಿದು ದೂರು ಮುಚ್ಚಿದರು. ಅದರ ಬೆನ್ನಿಗೇ ಇನ್ನೊಂದು ಮಿಂಚಂಚೆ, ನಮ್ಮ ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು. ಏನನ್ನು ಪರಿಹರಿಸಿದರು? ಹಣ ಬಂದಿಲ್ಲ, ಬಂದಿಲ್ಲ ಎಂದು ಮೂರು ಸಲ ಬರೆದದ್ದನ್ನು ಓದಿದವರು ಯಾರು?

ಮಾಲೀಕರ ಬಳಿ ಹೋಗಲು ಮುಖವಿರಲಿಲ್ಲ, ಆದರೂ ಸೋಮವಾರ ಹೋದೆ. ಅವರು ಮಾತಾಡದೆ ಬ್ಯಾಂಕಿನ ಪುಸ್ತಕ ತಂದು ಮುಂದಿಟ್ಟರು. ಶನಿವಾರದಿಂದ ಅಂದಿನವರೆಗೆ ಎಲ್ಲ ನಮೂದುಗಳಿದ್ದವು, ನನ್ನ 10,200 ಇರಲಿಲ್ಲ. ನಮಗೆ ಬೇಕಾದ ಸಾಕ್ಷಿ ಅದೇ ಎಂದು ಆಗ ಹೊಳೆಯಿತು. ಹಣ ಹೋದದ್ದಕ್ಕೆ ನನ್ನ ಖಾತೆ ವಿವರ, ಬಾರದಿದ್ದಕ್ಕೆ ಅವರ ಖಾತೆ ವಿವರ. ಆ್ಯಪಿನ ಬಣ್ಣದ ಚಿತ್ರ ಎರಡಕ್ಕೂ ಸಾಕ್ಷಿಯಲ್ಲ. ಅವರ ಒಪ್ಪಿಗೆ ಪಡೆದು ಆ ಪುಟದ ಚಿತ್ರ ತೆಗೆದುಕೊಂಡೆ, ಬೇರೆ ಗಿರಾಕಿಗಳ ಹೆಸರು ಮತ್ತು ಉಳಿಕೆ ಮೊತ್ತದ ಮೇಲೆ ಕಾಗದ ಮುಚ್ಚಿ. ನನ್ನ ಮೊದಲ ಚಿತ್ರದಲ್ಲಿ ನನ್ನ ಖಾತೆಯ ಉಳಿಕೆಯನ್ನೂ ತೋರಿಸಿಬಿಟ್ಟಿದ್ದೆ ಎಂಬುದು ಆಗ ನೆನಪಾಯಿತು.

ಅಂದು ರಾತ್ರಿ ಮಕ್ಕಳಿಗೆ ಹೇಳಿಕೊಡುವ ಕ್ರಮದಲ್ಲೇ ಪತ್ರ ಬರೆದೆ. ಹಳೆಯ ಮಿಂಚಂಚೆಗೇ ಉತ್ತರವಾಗಿ ಬರೆದೆ, ಏಕೆಂದರೆ ಹೊಸದಾಗಿ ಬರೆದರೆ ಹೊಸ ದೂರಿನ ಸಂಖ್ಯೆ ಕೊಟ್ಟು ಮತ್ತೆ ಮೊದಲಿನಿಂದ ಕಾಯಿಸುತ್ತಾರೆ. ವಿಷಯದ ಸಾಲಿನಲ್ಲೇ ಹಣ ಕಡಿತವಾಗಿ ಜಮಾ ಆಗಿಲ್ಲ ಎಂಬುದು, ಮೊತ್ತ, ದಿನಾಂಕ ಮತ್ತು ಹನ್ನೆರಡು ಅಂಕಿಗಳ ಸಂಖ್ಯೆ. ಒಳಗೆ ಇಷ್ಟೇ: "ಮೇಲ್ಕಂಡ ಸಂಖ್ಯೆಯ ವ್ಯವಹಾರದಲ್ಲಿ ನನ್ನ ಖಾತೆಯಿಂದ ಶನಿವಾರ ಸಂಜೆ 6.42ಕ್ಕೆ 10,200 ರೂಪಾಯಿ ಕಡಿತವಾಗಿದೆ. ಪಡೆಯಬೇಕಾದವರ ಖಾತೆಗೆ ಇಂದಿನವರೆಗೆ ಜಮಾ ಆಗಿಲ್ಲ. ಎರಡೂ ಖಾತೆಗಳ ವಿವರ ಲಗತ್ತಿಸಿದೆ. ಪಡೆಯುವವರ ಬ್ಯಾಂಕಿನಿಂದ ಜಮಾ ಖಚಿತಪಡಿಸಿ, ಇಲ್ಲವೇ ಹಣ ವಾಪಸು ಕೊಡಿಸಿ. ರಿಸರ್ವ್ ಬ್ಯಾಂಕಿನ ಸುತ್ತೋಲೆಯಂತೆ ವಿಳಂಬದ ಪರಿಹಾರವನ್ನೂ ಕೋರುತ್ತೇನೆ." ಖಾತೆ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಮಾತ್ರ ಉಳಿಸಿದೆ. ಇದನ್ನೇ ನನ್ನ ಬ್ಯಾಂಕಿನ ದೂರು ವಿಭಾಗಕ್ಕೂ ಕಳಿಸಿದೆ. ಹಣ ಆ್ಯಪಿನವರ ಕೈಯಲ್ಲಿ ಇರುವುದೇ ಇಲ್ಲ, ಎರಡು ಬ್ಯಾಂಕುಗಳ ನಡುವೆ ಇರುತ್ತದೆ, ಆದ್ದರಿಂದ ಬ್ಯಾಂಕಿಗೂ ಅದೇ ದಿನ ಬರೆಯಬೇಕಿತ್ತು. ನಾನು ಬರೆದದ್ದು ಒಂಬತ್ತನೆಯ ದಿನ.

ಗುರುವಾರ, ಹನ್ನೆರಡನೆಯ ದಿನ, 10,200 ನನ್ನ ಖಾತೆಗೆ ವಾಪಸು ಬಂತು. ಆ್ಯಪಿನಲ್ಲಿ ಆ ಹೊತ್ತಿಗೂ ಹಸಿರು ಗುರುತೇ ಇತ್ತು!

ಪರಿಹಾರದ ಲೆಕ್ಕ ಸರಳ. ಗಡುವು ದಾಟಿದ ಪ್ರತಿ ದಿನಕ್ಕೆ 100 ರೂಪಾಯಿ. ಶನಿವಾರ ವ್ಯವಹಾರ, ಭಾನುವಾರ ಗಡುವು, ಅಲ್ಲಿಂದ ಹಣ ಬಂದ ಗುರುವಾರದವರೆಗೆ ಹನ್ನೊಂದು ದಿನ, 1,100 ರೂಪಾಯಿ. ಗ್ರಾಹಕ ಕೇಳದಿದ್ದರೂ ತಾವಾಗಿಯೇ ಕೊಡಬೇಕೆಂದು ಸುತ್ತೋಲೆ ಹೇಳುತ್ತದೆ. ನಾನು ಕೇಳಿದರೂ ಬಂದಿಲ್ಲ. ಆ್ಯಪಿನವರ ಉತ್ತರ: "ಈ ವಿಷಯ ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ನಿಮ್ಮ ಬ್ಯಾಂಕನ್ನು ಸಂಪರ್ಕಿಸಿ." ಶುಕ್ರವಾರವೇ ಬ್ಯಾಂಕಿನ ಶಾಖೆಗೆ ಹೋಗಿ, ಅದೇ ಪತ್ರವನ್ನು ಕಾಗದದಲ್ಲಿ ಕೊಟ್ಟು, ನನ್ನ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದಿದ್ದೇನೆ. "ಸಾವಿರದ ನೂರಕ್ಕೆ ಇಷ್ಟು ಓಡಾಟವೇ ಸಾರ್?" ಎಂದು ಅಲ್ಲಿನ ಗುಮಾಸ್ತರು ಕೇಳಿದರು. ಹೌದು ಎಂದೆ.

ನಿಮಗೂ ಹೀಗಾದರೆ ಹಳದಿ ಗುರುತಿದ್ದಾಗಲೇ ಚಿತ್ರ ತೆಗೆದಿಟ್ಟುಕೊಳ್ಳಿ, ಹಸಿರಾದುದನ್ನು ಸಾಕ್ಷಿಯೆಂದು ಕಳಿಸಬೇಡಿ, ಮತ್ತು ದೂರು ಕಳಿಸುವ ಮಿಂಚಂಚೆ ವಿಳಾಸವನ್ನು ಆ್ಯಪಿನ ಒಳಗಿನ ಸಹಾಯ ಪುಟದಿಂದಲೇ ತೆಗೆದುಕೊಳ್ಳಿ. ಪಡೆಯಬೇಕಾದವರ ಖಾತೆ ವಿವರವನ್ನು ನೋಡುವವರೆಗೆ ಅವರನ್ನು ಕಳ್ಳರೆನ್ನಬೇಡಿ. ನಾನು ಅಂದಿದ್ದೇನೆ, ಕ್ಷಮೆಯನ್ನೂ ಕೇಳಿದ್ದೇನೆ, ಆದರೂ ಮುಂದಿನ ಬೆಳೆಗೆ ನಾರು ಕೇಳಲು ಅಲ್ಲಿಗೆ ಹೇಗೆ ಹೋಗುವುದೆಂದು ತಿಳಿಯುತ್ತಿಲ್ಲ.

ಮೊಹರು ಹಾಕಿಸಿ ಇಂದಿಗೆ ಹದಿನಾರು ದಿನ. ಮೂವತ್ತು ದಿನದೊಳಗೆ ಬ್ಯಾಂಕಿನಿಂದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ತಾಣದಲ್ಲಿ ದೂರು ಕೊಡಬಹುದು. ಲಗತ್ತುಗಳನ್ನು ಈಗಲೇ ಜೋಡಿಸಿ ಇಟ್ಟಿದ್ದೇನೆ. ಈ ಸಲ ಅದರಲ್ಲಿ ಹಸಿರು ಚಿತ್ರವಿಲ್ಲ.