ಬಿಸಿನೀರು ಬರ್ತಿಲ್ಲ ಅಂದಾಗ: ರಿಸೆಪ್ಷನ್ನಿನ ಮೂರು ಥರದ ಉತ್ತರ

ಬೆಳಗ್ಗೆ 6:20ಕ್ಕೆ ನಮ್ಮ ಹೋಟೆಲಿನ 204ನೇ ರೂಮಿನಿಂದ ವಾಟ್ಸಾಪ್ ಮೆಸೇಜು ಬಂತು. "ಬಿಸಿನೀರು ಬರ್ತಿಲ್ಲ. ನಿನ್ನೆ ರಾತ್ರಿಯೂ ಹೇಳಿದ್ದೆ. 7:30ಕ್ಕೆ ಹೊರಡಬೇಕು."

ರಾತ್ರಿ ಪಾಳಿಯ ನಮ್ಮ ಹುಡುಗ ಕೂಡಲೇ ಉತ್ತರ ಕೊಟ್ಟ. "ನಲ್ಲಿ ಸ್ವಲ್ಪ ಹೊತ್ತು ಬಿಡಿ ಸರ್, ಬರುತ್ತೆ."

ಅವನು ಸುಳ್ಳೇನೂ ಹೇಳಲಿಲ್ಲ. ನಮ್ಮದು ಮೈಸೂರಿನಲ್ಲಿ ಮೂರು ಮಹಡಿಯ ಸಾಧಾರಣ ಹೋಟೆಲು. ಸೋಲಾರ್ ಟ್ಯಾಂಕು ತಾರಸಿಯಲ್ಲಿದೆ. ರಾತ್ರಿಯೆಲ್ಲ ಪೈಪಿನೊಳಗೆ ನಿಂತು ಆರಿದ ನೀರು ಮೊದಲು ಹೋಗಬೇಕು, ಆಮೇಲೆ ಬಿಸಿ ಬರುತ್ತದೆ. ಮೇಲಿನ ಮಹಡಿಗೆ ಬೇಗ, ಕೆಳಗಿನವರಿಗೆ ತಡ. ಆದರೆ ಆ ಗೆಸ್ಟು ಓದಿಕೊಂಡಿದ್ದೇ ಬೇರೆ: ನಿಮಗೆ ನಲ್ಲಿ ತಿರುಗಿಸೋಕೆ ಬರಲ್ಲ ಅಂತ. ತಣ್ಣೀರಿನಲ್ಲೇ ಸ್ನಾನ ಮಾಡಿ, ಕೀಯನ್ನು ಕೌಂಟರಿನ ಮೇಲೆ ಕುಕ್ಕಿ ಹೋದರು.

ಅವತ್ತಿನಿಂದ ನಾನು ಕಂಪ್ಲೇಂಟಿಗೆ ಬರೆಯುವ ಉತ್ತರಗಳನ್ನು ಬದಲಾಯಿಸಿ ನೋಡಲು ಶುರು ಮಾಡಿದೆ. ಮೊದಲನೆಯದು ಮೇಲಿನ ಥರದ ಚುಟುಕು ಉತ್ತರ. ಎರಡನೆಯದು ಮೊಬೈಲಿನಲ್ಲಿ ಸೇವ್ ಮಾಡಿಟ್ಟುಕೊಂಡ ಅಚ್ಚಿನ ಉತ್ತರ. ಮೂರನೆಯದು ಚುಟುಕನ್ನೇ ತಿದ್ದಿ, ಏನು ಮಾಡುತ್ತೇವೆ, ಎಷ್ಟೊತ್ತಿಗೆ ಮಾಡುತ್ತೇವೆ ಅಂತ ಸೇರಿಸಿ ಬರೆದದ್ದು. ಮೂರನ್ನೂ ಬೇರೆ ಬೇರೆ ದಿನ, ಬೇರೆ ಬೇರೆ ಗೆಸ್ಟುಗಳ ಮೇಲೆ ಪ್ರಯೋಗ ಮಾಡಿದ್ದಾಯಿತು.

ಅಚ್ಚಿನದನ್ನು ಮೊದಲು ಮುಗಿಸಿಬಿಡುತ್ತೇನೆ, ಯಾಕೆಂದರೆ ಅದು ಎಲ್ಲಕ್ಕಿಂತ ಬೇಗ ಸೋತಿತು. "ಮಾನ್ಯ ಅತಿಥಿಗಳೇ, ತಮಗೆ ಉಂಟಾದ ಅನಾನುಕೂಲಕ್ಕಾಗಿ ನಾವು ತೀವ್ರವಾಗಿ ವಿಷಾದಿಸುತ್ತೇವೆ. ತಮ್ಮ ದೂರನ್ನು ಸಂಬಂಧಪಟ್ಟ ವಿಭಾಗಕ್ಕೆ ತಿಳಿಸಲಾಗಿದೆ." ಓದೋಕೆ ಗಂಭೀರವಾಗಿದೆ. ಆದರೆ ಬಿಸಿನೀರಿಗೂ ಸೊಳ್ಳೆಗೂ ಹರಿದ ಬೆಡ್‌ಶೀಟಿಗೂ ಅದೇ ಮಾತು. 32 ರೂಮಿನ ಹೋಟೆಲಿನಲ್ಲಿ ಸಂಬಂಧಪಟ್ಟ ವಿಭಾಗ ಅಂದರೆ ಒಬ್ಬ ರೂಮ್ ಬಾಯ್, ಫೋನ್ ಮಾಡಿದರೆ ಬರುವ ಒಬ್ಬ ಪ್ಲಂಬರ್, ಅಷ್ಟೇ ಅಲ್ವಾ? ಒಬ್ಬ ಮೇಡಂ ಇದಕ್ಕೆ ಉತ್ತರವಾಗಿ ಕೇಳಿದ್ದು ಒಂದೇ ಮಾತು: "ಅದೆಲ್ಲ ಸರಿ, ನೀರು ಎಷ್ಟೊತ್ತಿಗೆ ಬರುತ್ತೆ?" ಅದರಲ್ಲಿ ಇಲ್ಲದಿದ್ದದ್ದು ಅದೊಂದೇ. ಚುಟುಕು ಉತ್ತರದಲ್ಲಿ ಮರ್ಯಾದೆ ಕಮ್ಮಿ ಇದ್ದರೂ ಕೊನೇಪಕ್ಷ ವಿಷಯ ಇತ್ತು. ಇದರಲ್ಲಿ ಅದೂ ಇಲ್ಲ.

ಇನ್ನು ತಿದ್ದಿ ಬರೆದದ್ದು. 204ರ ಅದೇ ಮೆಸೇಜನ್ನು ಎದುರಿಗಿಟ್ಟುಕೊಂಡು ನಾನು ಬರೆದದ್ದು ಹೀಗಿತ್ತು:

"ನಮಸ್ಕಾರ ಸರ್. ನಿನ್ನೆ ರಾತ್ರಿಯೇ ಹೇಳಿದ್ದರೂ ಇವತ್ತು ಮತ್ತೆ ಹೀಗಾಗಿದೆ, ಕ್ಷಮಿಸಿ. ನೀವು 7:30ಕ್ಕೆ ಹೊರಡಬೇಕಲ್ಲ, ಅದಕ್ಕೆ 15 ನಿಮಿಷದೊಳಗೆ ಎರಡು ಬಕೆಟ್ ಬಿಸಿನೀರು ರೂಮಿಗೇ ತಂದುಕೊಡುತ್ತೇವೆ. ಶವರೇ ಬೇಕೆಂದರೆ ಮೇಲೆ 301 ಖಾಲಿ ಇದೆ, ಅಲ್ಲಿ ಬಿಸಿನೀರು ಬರುತ್ತಿರುವುದನ್ನು ಈಗಷ್ಟೇ ನೋಡಿ ಬಂದೆವು, ಕೀ ಕಳಿಸುತ್ತೇನೆ. ಯಾವುದು ಅನುಕೂಲ ಹೇಳಿ. ನಿಮ್ಮ ರೂಮಿನ ನಲ್ಲಿಯನ್ನು ನೀವು ಹೊರಗೆ ಹೋದಾಗ ಸರಿಮಾಡಿಸಿ, ಸಂಜೆ 5ರೊಳಗೆ ಇಲ್ಲೇ ತಿಳಿಸುತ್ತೇನೆ."

ಕೊನೆಗೆ ಬರೆದವರ ಹೆಸರು. ಹೋಟೆಲಿನ ಹೆಸರಲ್ಲ, ಮನುಷ್ಯರ ಹೆಸರು. ಮುಂದಿನ ಸಲ ಇಂಟರ್‌ಕಾಮ್ ಎತ್ತಿದಾಗ ಯಾರನ್ನು ಕೇಳಬೇಕು ಅಂತ ಗೊತ್ತಿದ್ದರೆ ಗೆಸ್ಟಿನ ಅರ್ಧ ಸಿಟ್ಟು ಇಳಿಯುತ್ತದೆ.

ಇದರಲ್ಲಿ ಕ್ಷಮೆ ಇರುವುದು ಒಂದೇ ವಾಕ್ಯದಲ್ಲಿ. ಆದರೆ ಅದು ಬಿಸಿನೀರಿಗೆ ಕೇಳಿದ ಕ್ಷಮೆಯಲ್ಲ, ಎರಡನೇ ಸಲ ಹೇಳಬೇಕಾಗಿ ಬಂದದ್ದಕ್ಕೆ ಕೇಳಿದ್ದು. 204ರವರಿಗೆ ನಿಜವಾಗಿ ನೋವಾಗಿದ್ದು ಅಲ್ಲೇ. ಮೆಸೇಜನ್ನು ಮತ್ತೆ ಓದಿ ನೋಡಿ: ಮೂರು ಸಣ್ಣ ವಾಕ್ಯ, ನಡುವಿನದೇ ಮುಖ್ಯ. ಚುಟುಕು ಉತ್ತರ ಮೊದಲನೇ ವಾಕ್ಯಕ್ಕೆ ಮಾತ್ರ ಉತ್ತರ ಕೊಟ್ಟು ಉಳಿದೆರಡನ್ನು ಬಿಟ್ಟುಬಿಟ್ಟಿತ್ತು.

ಆಮೇಲೆ ಆಯ್ಕೆ. ಮೊದಮೊದಲು ನಾನು "ನಿಮಗೆ ಏನು ಮಾಡಿಕೊಡಲಿ ಹೇಳಿ ಸರ್" ಅಂತ ಬರೆಯುತ್ತಿದ್ದೆ. ವಿನಯ ಅಂದುಕೊಂಡಿದ್ದೆ. ಅದು ಕೆಲಸವನ್ನು ಗೆಸ್ಟಿನ ತಲೆಗೇ ಕಟ್ಟಿದ ಹಾಗೆ. ಒಬ್ಬರು ನೇರವಾಗಿ "ಇವತ್ತಿನ ಬಾಡಿಗೆ ಬಿಡಿ" ಅಂದರು. ಅಷ್ಟು ಬಿಡುವ ಅಧಿಕಾರ ನನಗಿಲ್ಲ. ಇಲ್ಲ ಅಂದಾಗ ಇದ್ದ ಸಿಟ್ಟು ಇನ್ನೂ ಜಾಸ್ತಿಯಾಯಿತು. ಎರಡೇ ಆಯ್ಕೆ ಕೊಡಬೇಕು, ಎರಡೂ ನಮ್ಮ ಕೈಯಲ್ಲಿ ಆಗುವಂಥದ್ದೇ ಇರಬೇಕು, ಬೇಗ ಆಗುವುದು ಮೊದಲು ಬರಬೇಕು. ಆಗ ಹೆಚ್ಚಿನವರು ಒಂದನ್ನು ಆರಿಸಿ ಸುಮ್ಮನಾಗುತ್ತಾರೆ.

15 ನಿಮಿಷ ಅಂತ ಬರೆದದ್ದಕ್ಕೂ ಕಾರಣವಿದೆ. ಅಡುಗೆಮನೆಯಿಂದ ಎರಡು ಬಕೆಟ್ ಹಿಡಿದು ರೂಮ್ ಬಾಯ್ ಎರಡನೇ ಮಹಡಿಗೆ ಹೋಗಿ ಬಾಗಿಲು ತಟ್ಟುವಷ್ಟರಲ್ಲಿ ಎಂಟೊಂಬತ್ತು ನಿಮಿಷ ಆಗುತ್ತದೆ. ಗಡಿಯಾರ ಹಿಡಿದು ನೋಡಿದ್ದೇನೆ. ಮೊದಲ ದಿನ ಉತ್ಸಾಹದಲ್ಲಿ "5 ನಿಮಿಷ" ಅಂತ ಬರೆದಿದ್ದೆ. ಏಳನೇ ನಿಮಿಷಕ್ಕೆ "ಎಲ್ಲಿ?" ಅಂತ ಮೆಸೇಜು ಬಂತು. ಬಕೆಟು ಆಗ ಲಿಫ್ಟಿನಲ್ಲಿತ್ತು! ಚುಟುಕು ಉತ್ತರದಲ್ಲಿ ಟೈಮೇ ಹೇಳಿರುವುದಿಲ್ಲ, ಹಾಗಾಗಿ ತಪ್ಪುವ ಪ್ರಶ್ನೆಯೂ ಇಲ್ಲ. ತಿದ್ದಿದ ಉತ್ತರಕ್ಕೆ ಇದೊಂದು ಅಪಾಯ ಅಂಟಿಕೊಂಡೇ ಇದೆ.

ನಾನು ನಿರೀಕ್ಷೆ ಮಾಡಿರದ ಇನ್ನೊಂದು ಸಂಗತಿ ನಡೆಯಿತು. "ಸರಿಮಾಡಿಸಿ ಸಂಜೆ ತಿಳಿಸುತ್ತೇನೆ" ಅಂತ ಬರೆದ ಮೇಲೆ ಏನಾದರೂ ತಿಳಿಸಲೇಬೇಕಲ್ಲ. ಪ್ಲಂಬರನ್ನು ಕರೆಸಿದೆ. ಅವನು ತಾರಸಿಗೆ ಹೋಗಿ ಟ್ಯಾಂಕಿನ ನೀರು ಮುಟ್ಟಿ ನೋಡಿದ. ಚೆನ್ನಾಗಿ ಕಾದಿತ್ತು. 204ರಲ್ಲಿ ಎಷ್ಟು ಹೊತ್ತು ಬಿಟ್ಟರೂ ಉಗುರುಬೆಚ್ಚಗೆ ಮಾತ್ರ. ಪಕ್ಕದ 203ರಲ್ಲೂ ಹಾಗೇ. ಕಾರಣ ಬಾತ್‌ರೂಮಿನಲ್ಲಿ ಬಿಸಿನೀರು, ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿ. ಅದಕ್ಕೆ ಕೈಶವರ್ ಜೋಡಿಸಿತ್ತು. ಯಾರೋ ಬಿಸಿ, ತಣ್ಣೀರು ಎರಡೂ ತಿರುಪು ತೆರೆದೇ ಬಿಟ್ಟು, ಕೈಶವರಿನ ತುದಿಯ ಗುಂಡಿಯನ್ನಷ್ಟೇ ಒತ್ತಿ ನಿಲ್ಲಿಸಿದ್ದರು. ಹೊರಗೆ ಹೋಗಲು ದಾರಿಯಿಲ್ಲದೆ, ಒತ್ತಡ ಜಾಸ್ತಿ ಇರುವ ತಣ್ಣೀರು ಮಿಕ್ಸರಿನೊಳಗಿಂದಲೇ ಬಿಸಿನೀರಿನ ಪೈಪಿಗೆ ನುಗ್ಗುತ್ತಿತ್ತು. ನಲ್ಲಿ ಎಷ್ಟು ಹೊತ್ತು ಬಿಟ್ಟಿದ್ದರೂ ಪ್ರಯೋಜನ ಇರಲಿಲ್ಲ. ಲಾಗ್ ಬುಕ್ ತೆಗೆದು ನೋಡಿದರೆ ಹಿಂದಿನ ದಿನಗಳಲ್ಲೂ "204 – ಬಿಸಿನೀರು – ಹೇಳಲಾಗಿದೆ" ಅಂತ ಇತ್ತು. ಯಾರಿಗೆ ಹೇಳಲಾಗಿದೆ, ಏನು ಹೇಳಲಾಗಿದೆ, ದೇವರಿಗೇ ಗೊತ್ತು. ಚುಟುಕು ಉತ್ತರ ಗೆಸ್ಟನ್ನು ಸುಮ್ಮನಾಗಿಸುವ ಜೊತೆಗೆ ನಮ್ಮನ್ನೂ ಸುಮ್ಮನಾಗಿಸಿತ್ತು.

ಹಾಗಂತ ತಿದ್ದಿದ ಉತ್ತರ ಎಲ್ಲ ಕಡೆ ಗೆಲ್ಲುವುದಿಲ್ಲ. ಬಿಲ್ಲಿನ ವಿಷಯ ತೆಗೆದುಕೊಳ್ಳಿ. "ಆನ್‌ಲೈನಿನಲ್ಲಿ 4000 ತೋರಿಸಿತ್ತು, 4200 ಯಾಕೆ?" ಅಂತ ಒಬ್ಬರು ಕೇಳಿದರು. ನಾನು ನಮಸ್ಕಾರದಿಂದ ಶುರು ಮಾಡಿ ಅರ್ಧ ಪುಟ ಬರೆದೆ. ಅಷ್ಟು ಬೆಣ್ಣೆ ಹಚ್ಚಿದ್ದು ನೋಡಿ ಅವರಿಗೆ ಅನುಮಾನ ಬಂತು. ಇನ್ನೊಬ್ಬರಿಗೆ ಹುಡುಗ ಸುಮ್ನೆ ಲೆಕ್ಕ ಬರೆದು ಕಳಿಸಿದ. "ದಿನಕ್ಕೆ 2000ರಂತೆ ಎರಡು ದಿನಕ್ಕೆ 4000. ಜಿಎಸ್‌ಟಿ 5% ಅಂದರೆ 200. ಒಟ್ಟು 4200. ನೀವು ನೋಡಿದ ಪೇಜಿನಲ್ಲಿ ತೆರಿಗೆ ಸೇರಿರಲಿಲ್ಲ ಸರ್." ಮಾತು ಅಲ್ಲಿಗೆ ಮುಗಿಯಿತು. 7500 ರೂಪಾಯಿವರೆಗಿನ ರೂಮಿಗೆ 12% ಇದ್ದ ತೆರಿಗೆ 2025ರ ಸೆಪ್ಟೆಂಬರ್ 22ರಿಂದ 5%ಗೆ ಇಳಿದಿದೆ. ಹಳೇ ಬಿಲ್ಲು ಇಟ್ಟುಕೊಂಡು ಕೇಳುವವರಿಗೆ ಅದನ್ನೂ ಒಂದು ಸಾಲಿನಲ್ಲಿ ಬರೆದರೆ ಸಾಕು. ಲೆಕ್ಕ ಕೇಳಿದವರಿಗೆ ಲೆಕ್ಕ ಕೊಡಬೇಕು. ಇಲ್ಲಿ ನನ್ನ ವೋಟು ಹುಡುಗನಿಗೆ.

ಗಲಾಟೆಯ ಕಂಪ್ಲೇಂಟು ಇನ್ನೂ ಕಷ್ಟ, ಯಾಕೆಂದರೆ ತಪ್ಪು ನಮ್ಮದಲ್ಲ. ನಮ್ಮ ಪಕ್ಕದಲ್ಲೇ ಮದುವೆ ಛತ್ರ ಇದೆ. ರಾತ್ರಿ 10:15ಕ್ಕೆ ಆರ್ಕೆಸ್ಟ್ರಾ ಇನ್ನೂ ನಡೆಯುತ್ತಿತ್ತು. ಚುಟುಕು ಉತ್ತರ: "ಅದು ಪಕ್ಕದ ಛತ್ರದ್ದು ಮೇಡಂ, ನಮ್ಮದಲ್ಲ." ನಿಜವೇ. ಆದರೆ ಅದನ್ನು ಕೇಳಿದವರಿಗೆ ನಿದ್ದೆ ಬರುತ್ತಾ? ತಿದ್ದಿದ್ದು: "ಮಗುವಿಗೆ ನಿದ್ದೆ ಬರುತ್ತಿಲ್ಲ ಅಂದಿರಿ. ಸದ್ದು ಪಕ್ಕದ ಛತ್ರದ್ದು, ನಮ್ಮ ಮ್ಯಾನೇಜರ್ ಈಗ ಅಲ್ಲಿಗೇ ಹೋಗಿದ್ದಾರೆ. 10ರ ಮೇಲೆ ಹೊರಗೆ ಮೈಕು ಹಾಕುವ ಹಾಗಿಲ್ಲ. 10:30ಕ್ಕೂ ನಿಲ್ಲದಿದ್ದರೆ 112ಕ್ಕೆ ಫೋನ್ ಮಾಡುತ್ತೇವೆ. ಅಷ್ಟು ಹೊತ್ತು ಕಾಯುವುದು ಬೇಡ ಅಂದರೆ ಹಿಂಬದಿಯ 108ನೇ ರೂಮು ಖಾಲಿ ಇದೆ, ಸದ್ದು ಅಲ್ಲಿಗೆ ಕಮ್ಮಿ, ಬ್ಯಾಗುಗಳನ್ನು ನಾವೇ ಸಾಗಿಸುತ್ತೇವೆ." "ಸದ್ದು ಪಕ್ಕದ ಛತ್ರದ್ದು" ಅನ್ನುವ ಮಾತು ಇದರಲ್ಲೂ ಇದೆ. ಆದರೆ ಅದಾದ ಮೇಲೆ ನಾವು ಏನು ಮಾಡುತ್ತಿದ್ದೇವೆ ಅನ್ನುವುದು ಬರುತ್ತದೆ. ಚುಟುಕಿನಲ್ಲಿ ಮಾತು ಅಲ್ಲಿಗೇ ನಿಂತಿತ್ತು. ಒಂದು ಎಚ್ಚರಿಕೆ: "ಹಿಂದೆ ಸದ್ದೇ ಇಲ್ಲ" ಅಂತ ನಾನು ಒಮ್ಮೆ ಬರೆದು ಸಿಕ್ಕಿಬಿದ್ದಿದ್ದೇನೆ. ಹಿಂಬದಿಯಲ್ಲಿ ಜನರೇಟರ್ ಇದೆ. ಕರೆಂಟು ಹೋದರೆ ಮುಗೀತು.

ಮೂರನೇ ಥರದ ಉತ್ತರ ಬರೆಯಲು ನನಗೆ ನಾಲ್ಕೈದು ನಿಮಿಷ ಬೇಕು. ಮೇಲೆ ಹೋಗಿ ನೋಡಿ ಬರುವ ಹೊತ್ತು ಬೇರೆ. ಆ ಹೊತ್ತಿನಲ್ಲಿ ಗೆಸ್ಟು ಸೋಪು ಹಚ್ಚಿಕೊಂಡು ನಿಂತಿದ್ದರೆ ಏನು ಗತಿ? ಅದಕ್ಕೆ ಈಗ ಎರಡು ಮೆಸೇಜು ಕಳಿಸುತ್ತೇವೆ. ಮೊದಲನೆಯದು ಚುಟುಕೇ: "ಓದಿದೆ ಸರ್, ನೋಡಿಕೊಂಡು ಐದು ನಿಮಿಷದಲ್ಲಿ ಹೇಳುತ್ತೇನೆ." ಎರಡನೆಯದು ತಿದ್ದಿದ್ದು. ನೀರು ಸೋರುತ್ತಿದೆ, ಸ್ವಿಚ್ಚಿನಲ್ಲಿ ಕಿಡಿ ಬರುತ್ತಿದೆ ಅಂದರೆ ಬರೆಯುವುದೇ ಇಲ್ಲ, ಮೆಟ್ಟಿಲು ಹತ್ತುತ್ತೇವೆ.

ಹುಡುಗ ಮೊದಲು ಗೊಣಗಿದ. "ಅಣ್ಣ, ಇಷ್ಟುದ್ದ ಯಾರು ಟೈಪ್ ಮಾಡ್ತಾರೆ?" ಅಂದ. ಅವನಿಗೋಸ್ಕರ ಲಾಗ್ ಬುಕ್ಕಿನಲ್ಲಿ "ಹೇಳಲಾಗಿದೆ" ಅನ್ನುವ ಕಾಲಮ್ಮು ಹೊಡೆದು, ಅಲ್ಲಿ "ಎಷ್ಟೊತ್ತಿಗೆ ಅಂತ ಹೇಳಿದ್ದು" ಅಂತ ಬರೆದೆ. ಕೌಂಟರಿನ ಒಳಬದಿಗೆ ಒಂದು ಹಾಳೆ ಅಂಟಿಸಿದೆ. ಯಾವ ಕಂಪ್ಲೇಂಟಿಗೆ ಯಾವ ಎರಡು ಆಯ್ಕೆ ಕೊಡಬಹುದು ಅಂತ ಅದರಲ್ಲಿದೆ. ಬಿಸಿನೀರಿನ ಎದುರಿಗೆ ಬಕೆಟ್ 15 ನಿಮಿಷ, ಅದರ ಕೆಳಗೆ ಖಾಲಿ ರೂಮಿನ ಕೀ.

ದಸರಾ ಹತ್ತಿರ ಬಂದು ಎಲ್ಲ ರೂಮೂ ತುಂಬಿದ ದಿನ ಹುಡುಗ ಪೆನ್ನು ತೆಗೆದು ಖಾಲಿ ರೂಮಿನ ಸಾಲನ್ನು ಅಡ್ಡ ಗೆರೆ ಎಳೆದು ಹೊಡೆದ. ನಂತರ ಬಕೆಟಿನ ಸಾಲಿನಲ್ಲಿ 15ನ್ನು 25 ಮಾಡಿದ. ನಾನು ಹೇಳಿಕೊಟ್ಟಿರಲಿಲ್ಲ.